ರೆಸ್ಯೂಮೆ ಸಾಲುಗಳನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡಿ

"ಅಕ್ಕಾ, ಮಾಡಿದ ಕೆಲಸ ಎಲ್ಲಾ ರೆಸ್ಯೂಮೆಯಲ್ಲಿ ಹಾಕಿದ್ದೀನಿ. ಆದ್ರೂ ನೋಡಿದವರೆಲ್ಲ ಸಾಲುಗಳು ಒಂದಕ್ಕೊಂದು ಹೊಂದ್ತಾ ಇಲ್ಲ ಅಂತಾರೆ. ಹೇಗೆ ಸರಿ ಮಾಡ್ಲಿ?"

ನಾನು ಮೊದಲು ಹೇಳುವುದು ಇಷ್ಟೇ: ಆ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಜೋರಾಗಿ ಹೇಳಿ. ಹೋದ ತಿಂಗಳು ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಿಟ್ಟಿದ್ದ ಒಬ್ಬ ಹುಡುಗಿ ತನ್ನ ರೆಸ್ಯೂಮೆ ತಂದಿದ್ದಳು. ಅದರಲ್ಲಿದ್ದ ನಾಲ್ಕು ಸಾಲನ್ನು ಅವಳಿಂದಲೇ ಕನ್ನಡದಲ್ಲಿ ಹೇಳಿಸಿದೆ. "ಸ್ಟಾಕ್ ನೋಡಿಕೊಳ್ಳುವ ಜವಾಬ್ದಾರಿ ಇತ್ತು." "ಟ್ಯಾಲಿಯಲ್ಲಿ ಬಿಲ್ಲಿಂಗ್." "ಎಕ್ಸ್‌ಪೈರಿ ಮಾಲು ವಾಪಸ್ ಕಳಿಸುತ್ತಿದ್ದೇನೆ." "ನಾನು ಇಬ್ಬರು ಹೊಸಬರಿಗೆ ಕೆಲಸ ಕಲಿಸಿದ್ದೇನೆ." ನಾಲ್ಕನೆಯದು ಮುಗಿಯುವ ಮೊದಲೇ ಅವಳಿಗೆ ಗೊತ್ತಾಯಿತು.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಸಾಲಿನ ಕೊನೆಗೆ ಬರುತ್ತದೆ, ಹಾಗಾಗಿ ತಪ್ಪು ಅಲ್ಲೇ ಕಿವಿಗೆ ಬೀಳುತ್ತದೆ. ಒಂದು ಸಾಲು "ಇತ್ತು" ಅನ್ನುತ್ತದೆ, ಒಂದಕ್ಕೆ ಕ್ರಿಯಾಪದವೇ ಇಲ್ಲ, ಒಂದು ಇವತ್ತಿಗೂ ನಡೆಯುತ್ತಿದೆ, ಕೊನೆಯದು "ನಾನು" ಅಂತ ಶುರುವಾಗಿದೆ. ಬಿಟ್ಟ ಕೆಲಸ ಅಂದ ಮೇಲೆ ಎಲ್ಲವೂ "ಮಾಡಿದೆ, ಇಳಿಸಿದೆ, ಕಲಿಸಿದೆ" ಅಂತಲೇ ಮುಗಿಯಬೇಕು ಅಲ್ವಾ? ಕನ್ನಡದಲ್ಲಿ ಹಾಗೆ ಮುಗಿಸಿಕೊಂಡ ಮೇಲೆ ಆ ಕೊನೆಯ ಮಾತನ್ನೇ ಎತ್ತಿ ಇಂಗ್ಲಿಷ್ ಸಾಲಿನ ತಲೆಗೆ ಇಡಿ. "ನಾನು" ಬೇಡವೇ ಬೇಡ.

"ಜವಾಬ್ದಾರಿ ಇತ್ತು" ಅನ್ನುವ ಸಾಲಿನ ಮೇಲೆ ನಾವು ಜಾಸ್ತಿ ಹೊತ್ತು ಕೂತೆವು. ರೆಸ್ಪಾನ್ಸಿಬಲ್ ಫಾರ್ ಅಂತ ಬರೆದರೆ ಕೆಲಸ ನಿಮ್ಮ ಪಾಲಿಗೆ ಬಂದಿತ್ತು ಅಂತ ಮಾತ್ರ ಗೊತ್ತಾಗುತ್ತದೆ, ಮಾಡಿದಿರೋ ಇಲ್ಲವೋ ತಿಳಿಯುವುದಿಲ್ಲ. "ಬೆಳಿಗ್ಗೆ ಹೋದ ತಕ್ಷಣ ಏನು ಮಾಡ್ತಿದ್ದೆ?" ಅಂತ ಕೇಳಿದೆ. ಮೊದಲು ತಿಂಗಳ ಕೊನೆಗೆ ಇಡೀ ಗೋಡೌನ್ ಒಟ್ಟಿಗೆ ಎಣಿಸುತ್ತಿದ್ದರಂತೆ. ತಪ್ಪು ಸಿಕ್ಕರೂ ಯಾವ ದಿನದ್ದು ಅಂತ ಹುಡುಕಲು ಆಗುತ್ತಿರಲಿಲ್ಲ. ಇವಳು ದಿನಕ್ಕೊಂದು ರ್ಯಾಕ್ ಎಣಿಸಿ ಟ್ಯಾಲಿಯ ಜೊತೆ ತಾಳೆ ನೋಡಲು ಶುರು ಮಾಡಿದಳು. ಲೆಕ್ಕ ಹೊಂದದ ಐಟಂಗಳು ತಿಂಗಳಿಗೆ ಸುಮಾರು 40 ಇದ್ದದ್ದು 10ಕ್ಕೆ ಇಳಿದವು. ಇಷ್ಟು ದೊಡ್ಡ ಕೆಲಸ "ಸ್ಟಾಕ್ ಮೇಂಟೆನೆನ್ಸ್" ಅನ್ನುವ ಎರಡು ಪದದೊಳಗೆ ಮುಚ್ಚಿಹೋಗಿತ್ತು!

ಹೊಸ ಸಾಲು ಹೀಗಾಯಿತು: "ಚೆಕ್ಡ್ ಒನ್ ರ್ಯಾಕ್ ಎ ಡೇ ಅಗೇನ್ಸ್ಟ್ ಟ್ಯಾಲಿ, ಕಟಿಂಗ್ ಮಿಸ್‌ಮ್ಯಾಚಸ್ ಫ್ರಮ್ 40 ಟು 10 ಐಟಮ್ಸ್ ಎ ಮಂತ್." ಮೊದಲು ಮಾಡಿದ ಕೆಲಸ, ನಡುವೆ ಯಾವುದರ ಮೇಲೆ ಅನ್ನುವುದು, ಕೊಮಾ ಆದ ಮೇಲೆ ಅದರಿಂದ ಏನಾಯಿತು. ಉಳಿದವನ್ನೂ ಇದೇ ಅಚ್ಚಿಗೆ ಹಾಕಿದೆವು. ಎಕ್ಸ್‌ಪೈರಿಯದು "ಸೆಪರೇಟೆಡ್" ಅಂತ ಶುರುವಾಗಿ, ಎಂಟು ತಿಂಗಳು ಒಂದು ರಿಟರ್ನ್ ಕೂಡ ಕಂಪನಿ ಕೊಟ್ಟ ಗಡುವು ದಾಟಲಿಲ್ಲ ಅನ್ನುವಲ್ಲಿಗೆ ಮುಗಿಯಿತು. ಕಲಿಸಿದ್ದು "ಟ್ರೇನ್ಡ್" ಅಂತ ಶುರುವಾಗಿ, ಇಬ್ಬರೂ ಮೂರು ವಾರದಲ್ಲಿ ಒಬ್ಬೊಬ್ಬರೇ ಬಿಲ್ ಹಾಕುವಂತಾದರು ಅನ್ನುವಲ್ಲಿಗೆ. ಕೊನೆಯ ಭಾಗವೂ ಒಂದೇ ತರಹ ಇರಲಿ: ಒಂದು ಕಡೆ "ಕಟಿಂಗ್", ಇನ್ನೊಂದು ಕಡೆ "ವಿಚ್ ರಿಸಲ್ಟೆಡ್ ಇನ್" ಅಂತ ಬಂದರೆ ಮತ್ತೆ ಸಾಲು ಮುಗ್ಗರಿಸುತ್ತದೆ. ಫುಲ್‌ಸ್ಟಾಪ್ ಕೂಡ ಹಾಕಿದರೆ ಎಲ್ಲಕ್ಕೂ ಹಾಕಿ, ಇಲ್ಲದಿದ್ದರೆ ಯಾವುದಕ್ಕೂ ಬೇಡ.

ಕ್ರಿಯಾಪದ ಗಟ್ಟಿಯಾಗಿರಲಿ ಅಂತ ಹೇಳಿದರೆ ಕೆಲವರು ಸುಮ್ನೆ ಮುಂದೆ ನಿಂತು ನಡೆಸಿದೆ ಅನ್ನುವ ಅರ್ಥದ "ಸ್ಪಿಯರ್‌ಹೆಡೆಡ್" ಅಂತ ಹಾಕಿಬಿಡುತ್ತಾರೆ. ರ್ಯಾಕ್ ಎಣಿಸಿದ್ದಕ್ಕೆ ಅದು ಯಾಕೆ? ಕಣ್ಣಿಗೆ ಕಾಣುವ ಕೆಲಸದ ಹೆಸರೇ ಗಟ್ಟಿ. "ಹೆಲ್ಪ್ಡ್", "ವರ್ಕ್ಡ್ ಆನ್" ಮೆತ್ತಗಿರುವುದು ನಿಮ್ಮ ಕೈ ಎಲ್ಲಿತ್ತು ಅಂತ ತೋರಿಸದ ಕಾರಣಕ್ಕೆ.

ಸಂಖ್ಯೆ ಇಲ್ಲದಿದ್ದರೆ? ಹುಟ್ಟಿಸಿ ಹಾಕಬೇಡಿ, ಸಂದರ್ಶನದಲ್ಲಿ "ಈ 10 ಹೇಗೆ ಗೊತ್ತಾಯ್ತು?" ಅಂತ ಕೇಳಿದರೆ ಇವಳ ಹತ್ತಿರ ಟ್ಯಾಲಿಯ ಲೆಕ್ಕ ಇತ್ತು, ನಿಮ್ಮ ಹತ್ತಿರವೂ ಅಂಥದ್ದೊಂದು ಇರಬೇಕು. ಏನು ಬದಲಾಯಿತು ಅಂತ ಮಾತಿನಲ್ಲೇ ಹೇಳಿದರೂ ನಡೆಯುತ್ತದೆ. ಬಿಲ್ಲಿಂಗ್ ಸಾಲಿನಲ್ಲಿ ಎಷ್ಟು ಕೆದಕಿದರೂ ಬದಲಾವಣೆ ಸಿಗಲಿಲ್ಲ, ದಿನವೂ ತಪ್ಪಿಲ್ಲದೆ ಬಿಲ್ ಹಾಕಿದ್ದಳು ಅಷ್ಟೇ. ಅದನ್ನು ಎಳೆದು ಫಲಿತಾಂಶ ಮಾಡುವ ಬದಲು ಅಲ್ಲಿಂದ ತೆಗೆದು ಕೆಳಗೆ ಕೌಶಲಗಳ ಸಾಲಿನಲ್ಲಿ "ಟ್ಯಾಲಿ" ಅಂತ ಸೇರಿಸಿದೆವು.

ಈಗಲೂ ಅದೇ ಕೆಲಸದಲ್ಲಿರುವವರಿಗೆ ಮಾತ್ರ ಒಂದು ವ್ಯತ್ಯಾಸ ಇದೆ. ದಿನವೂ ಮಾಡುವುದು "ಚೆಕ್", "ಟ್ರೇನ್" ಅಂತ ವರ್ತಮಾನದಲ್ಲಿ ಬರಲಿ, ಮುಗಿದುಹೋದದ್ದು ಭೂತಕಾಲದಲ್ಲಿ. ಎರಡನ್ನೂ ಬೆರೆಸದೆ ವರ್ತಮಾನದವು ಮೇಲೆ, ಮುಗಿದವು ಅವುಗಳ ಕೆಳಗೆ ಇಡಿ.