ಜಯನಗರದಿಂದ ಎಂ.ಜಿ. ರಸ್ತೆಗೆ ಸೈಕಲ್‌ನಲ್ಲಿ: ದಾರಿ ತೋರಿಸುವ ಆ್ಯಪ್‌ಗಳನ್ನು ಎಷ್ಟು ನಂಬಬಹುದು

ಜಯನಗರ ನಾಲ್ಕನೇ ಬ್ಲಾಕಿನಿಂದ ಎಂ.ಜಿ. ರಸ್ತೆಯ ಕಚೇರಿಗೆ ಸುಮಾರು ಏಳು ಕಿಲೋಮೀಟರ್ ದೂರವಿದೆ. ಸೈಕಲ್‌ನಲ್ಲಿ ಹೋಗಲು ಆರಂಭಿಸಿದ ಮೊದಲ ದಿನ ಗೂಗಲ್ ಮ್ಯಾಪ್ಸ್‌ನಲ್ಲಿ ದ್ವಿಚಕ್ರ ವಾಹನದ ಆಯ್ಕೆಯನ್ನು ಒತ್ತಿ ಹೊರಟೆ. ಅದು ಡಬಲ್ ರೋಡ್ ಹಿಡಿಸಿ ರಿಚ್ಮಂಡ್ ವೃತ್ತಕ್ಕೆ ಕರೆದೊಯ್ದಿತು. ಮೇಲ್ಸೇತುವೆ ಹತ್ತುವ ವಾಹನಗಳೂ ಕೆಳಗೇ ಉಳಿಯುವ ವಾಹನಗಳೂ ಕವಲೊಡೆಯುವ ಜಾಗದಲ್ಲಿ, ಅಂಚಿನಲ್ಲಿ ನಿಧಾನವಾಗಿ ಸಾಗುವವನಿಗೆ ಎರಡೂ ಕಡೆಯಿಂದ ಒತ್ತಡ ಬೀಳುತ್ತದೆ. ಆ ಆಯ್ಕೆ ಇರುವುದು ಸ್ಕೂಟರ್ ಮತ್ತು ಬೈಕ್‌ಗಳಿಗೆ. ಅದು ಸಮಯವನ್ನು ಉಳಿಸುತ್ತದೆಯೇ ಹೊರತು ಸೈಕಲ್ ಸವಾರನನ್ನು ಗಮನದಲ್ಲಿಟ್ಟುಕೊಂಡಿರುವುದಿಲ್ಲ.

ಅಂದೇ ರಾತ್ರಿ ಕಂಪ್ಯೂಟರಿನಲ್ಲಿ brouter.de/brouter-web ತೆರೆದು, ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ಮನೆ ಮತ್ತು ಕಚೇರಿಯನ್ನು ಗುರುತಿಸಿ, ಸೈಕಲ್‌ಗೆಂದೇ ಇರುವ safety ಎಂಬ ಆಯ್ಕೆಯಲ್ಲಿ ದಾರಿ ಕೇಳಿದೆ. ಅದು ದೊಡ್ಡ ರಸ್ತೆಗಳನ್ನು ಬಿಟ್ಟು ವಿಲ್ಸನ್ ಗಾರ್ಡನ್‌ನ ಒಳರಸ್ತೆಗಳು ಮತ್ತು ಲ್ಯಾಂಗ್‌ಫರ್ಡ್ ಟೌನ್ ಮೂಲಕ ಬೇರೊಂದು ಗೆರೆಯನ್ನು ಎಳೆಯಿತು. ದೂರ ಒಂದು ಕಿಲೋಮೀಟರಿನಷ್ಟು ಹೆಚ್ಚಿತು, ಆದರೆ ಹೆಚ್ಚಿನ ಭಾಗ ಮನೆಗಳ ಸಾಲಿನ ರಸ್ತೆಯಾಗಿತ್ತು. ಗೆರೆಯನ್ನು ಮೌಸ್‌ನಿಂದ ಎಳೆದು ಬೇಡದ ತಿರುವುಗಳನ್ನು ತೆಗೆದು, GPX ಕಡತವಾಗಿ ಉಳಿಸಿ, ಫೋನಿನ OsmAnd ಆ್ಯಪ್‌ಗೆ ಹಾಕಿಕೊಂಡೆ. ಕರ್ನಾಟಕದ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಅದು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.

ಈ ಗೆರೆಯನ್ನು ಕೆಲಸದ ದಿನ ನೇರವಾಗಿ ಪರೀಕ್ಷಿಸಬೇಡಿ. ನಾನು ಭಾನುವಾರ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದೆ. ನಕ್ಷೆಯಲ್ಲಿ ದಾಟಿ ಹೋಗಬಹುದೆಂದಿದ್ದ ಒಂದು ಅಡ್ಡರಸ್ತೆಯ ಕೊನೆಯಲ್ಲಿ ಗೇಟು ಮುಚ್ಚಿತ್ತು. ಇನ್ನೊಂದರಲ್ಲಿ ಚರಂಡಿಯ ಕೆಲಸದಿಂದ ರಸ್ತೆ ಅಗೆದಿತ್ತು. ನಕ್ಷೆಯನ್ನು ತುಂಬುವವರು ಸ್ವಯಂಸೇವಕರಾದ್ದರಿಂದ ನೆಲದ ಮೇಲಿನ ಇಂಥ ಬದಲಾವಣೆ ಬೇಗ ಅದಕ್ಕೆ ಸೇರುವುದಿಲ್ಲ. OsmAnd ನಲ್ಲಿ ಆ ರಸ್ತೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಅದನ್ನು ತಪ್ಪಿಸುವಂತೆ ಗುರುತು ಮಾಡಬಹುದು, ಮುಂದೆ ಲೆಕ್ಕ ಹಾಕುವ ದಾರಿಗಳಲ್ಲಿ ಅದು ಬರುವುದಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಸಂಜೆಯದು. ಬೆಳಗಿನ ಗೆರೆಯನ್ನೇ ತಿರುಗಿಸಿ ಹೊರಟೆ. ರಿಚ್ಮಂಡ್ ರಸ್ತೆ, ರೆಸಿಡೆನ್ಸಿ ರಸ್ತೆಯಂಥವುಗಳಲ್ಲಿ ಏಕಮುಖ ಸಂಚಾರವಿರುವುದರಿಂದ ಬೆಳಗಿನ ದಾರಿ ಸಂಜೆಗೆ ಹೊಂದುವುದಿಲ್ಲ. ಬೆಳಿಗ್ಗೆ ಸುಲಭವಾಗಿದ್ದ ಎಡತಿರುವು ಸಂಜೆ ಕತ್ತಲಲ್ಲಿ ಬಲತಿರುವಾಗುತ್ತದೆ. ಎಡಗಡೆಯಲ್ಲಿ ಸಾಗುವ ನಮ್ಮ ರಸ್ತೆಗಳಲ್ಲಿ ಸೈಕಲ್ ಸವಾರನಿಗೆ ಅತ್ಯಂತ ಕಷ್ಟದ ಕೆಲಸವೆಂದರೆ ಬಲಕ್ಕೆ ತಿರುಗುವುದು. ಹಾಗಾಗಿ ವಾಪಸು ದಾರಿಯನ್ನು ಪ್ರತ್ಯೇಕವಾಗಿಯೇ ರಚಿಸಿ, ಬಲತಿರುವುಗಳನ್ನು ಎಣಿಸಿ ನೋಡಿ. ನನ್ನ ಗೆರೆಯಲ್ಲಿ ಐದಿದ್ದವು. ಬದಲಾಯಿಸಿದ ಮೇಲೆ ಎರಡು ಉಳಿದವು, ಆ ಎರಡನ್ನೂ ಸಿಗ್ನಲ್‌ನಲ್ಲಿ ಇಳಿದು, ಪಾದಚಾರಿಗಳ ಜೊತೆ ಸೈಕಲ್ ತಳ್ಳಿಕೊಂಡು ದಾಟುತ್ತೇನೆ.

ಸುರಕ್ಷತೆಯ ಸಲುವಾಗಿ ಹೊರಡುವಾಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಗಂಟೆಯ ಲೈವ್ ಲೊಕೇಶನ್ ಅನ್ನು ಹೆಂಡತಿಗೆ ಕಳಿಸುತ್ತೇನೆ. ಹದಿನೈದು ನಿಮಿಷದ್ದು ಸಾಲದು, ಎಂಟು ಗಂಟೆಯದು ಬೇಕಿಲ್ಲ. ಒಮ್ಮೆ ಚುಕ್ಕೆ ಲಾಲ್‌ಬಾಗ್ ಬಳಿ ಇಪ್ಪತ್ತು ನಿಮಿಷ ಕದಲದೆ ನಿಂತಿದ್ದರಿಂದ ಅವಳು ಗಾಬರಿಯಾಗಿದ್ದಳು. ನಾನು ಆಗಲೇ ಕಚೇರಿ ತಲುಪಿದ್ದೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಪರದೆ ಆರಿದೊಡನೆ ಆ್ಯಪ್ ಅನ್ನು ನಿಲ್ಲಿಸಿತ್ತು. ನಿಮ್ಮ ಫೋನಿನಲ್ಲೂ ಹೀಗಾಗುತ್ತಿದೆಯೇ ಎಂದು ತಿಳಿಯಲು, OsmAnd ನಲ್ಲಿ ದಾಖಲಾದ ಪ್ರಯಾಣವನ್ನು ತೆರೆದು ನೋಡಿ. ಗೆರೆ ಕಟ್ಟಡಗಳ ಮೇಲೆ ನೇರವಾಗಿ ಹಾದಿದ್ದರೆ ನಡುವೆ ದಾಖಲಾತಿ ನಿಂತಿದೆ ಎಂದರ್ಥ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಈ ಎರಡೂ ಆ್ಯಪ್‌ಗಳ ಮೇಲಿನ ನಿರ್ಬಂಧವನ್ನು ತೆಗೆದ ಮೇಲೆ ನನಗೆ ಈ ತೊಂದರೆ ಮರುಕಳಿಸಲಿಲ್ಲ. ಚುಕ್ಕೆ ಹತ್ತು ನಿಮಿಷ ಕದಲದಿದ್ದರೆ ಮೊದಲು ಕರೆ ಮಾಡುವುದು, ಎತ್ತದಿದ್ದರೆ ಮುಂದಿನದು ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.

ಲಾಕ್ ಪರದೆಯಲ್ಲಿ ತುರ್ತು ಸಂಪರ್ಕ ಮತ್ತು ರಕ್ತದ ಗುಂಪನ್ನು ತುಂಬಿಡಿ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಗುಂಡಿಯನ್ನು ಐದು ಸಲ ಒತ್ತಿದರೆ 112ಕ್ಕೆ ಕರೆ ಹೋಗುವಂತೆ ಮಾಡಿಕೊಳ್ಳಬಹುದು. ಆದರೆ ಬಿಗಿಯಾದ ಜೇಬಿನಲ್ಲಿ ಗುಂಡಿ ತಾನಾಗಿ ಒತ್ತಿಕೊಳ್ಳುವುದೂ ಉಂಟು, ಆದ್ದರಿಂದ ನಾನು ಫೋನನ್ನು ಬ್ಯಾಗಿನ ಪಟ್ಟಿಗೆ ಕಟ್ಟಿದ ಚೀಲದಲ್ಲಿ ಇಡುತ್ತೇನೆ. ದಾರಿ ನೋಡಬೇಕಾದರೆ ಅಂಗಡಿಯೊಂದರ ಮುಂದೆ ನಿಲ್ಲುತ್ತೇನೆ. ಸಾಗುತ್ತಿರುವಾಗ ಪರದೆ ನೋಡುವುದಿಲ್ಲ. ಎರಡು ವಾರ ಹೀಗೆ ಹೋದ ಮೇಲೆ ಗೆರೆಯಿಲ್ಲದೆಯೇ ದಾರಿ ಗೊತ್ತಾಯಿತು. ಈಗ OsmAnd ತೆರೆಯುವುದು ರಸ್ತೆ ಅಗೆದಾಗ ಬದಲಿ ದಾರಿ ಹುಡುಕಲು ಮಾತ್ರ.