450 ಡಿಗ್ರಿ ಅಂತ ಬರೆಸಿಬಿಟ್ಟರೆ ಸಾಲದು

ಹಾಸನದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಟೆಸ್ಟ್‌ನಲ್ಲಿ, ಸಾರಜನಕ, ಜಲಜನಕ ಸೇರಿಸಿ ಅಮೋನಿಯ ಮಾಡುವಾಗ ಅದು ಜಾಸ್ತಿ ಸಿಗಬೇಕಾದರೆ ತಾಪಮಾನ ಏರಿಸಬೇಕಾ, ಇಳಿಸಬೇಕಾ ಅಂತ ಕೇಳಿದ್ದೆ. ಮುಕ್ಕಾಲು ಪಾಲು ಮಕ್ಕಳು "ಏರಿಸಬೇಕು, 450 ಡಿಗ್ರಿಗೆ" ಅಂತ ಬರೆದಿದ್ದರು. ತಪ್ಪು ನನ್ನ ಪಾಠದ್ದು. 200 ಅಟ್ಮಾಸ್ಫಿಯರ್, 450 ಡಿಗ್ರಿ, ಕಬ್ಬಿಣದ ಕ್ಯಾಟಲಿಸ್ಟ್ ಅಂತ ನೋಟ್ಸ್ ಬರೆಸಿದ್ದೆ. ಆ 450 ಯಾಕೆ ಅಂತ ಹೇಳಿರಲಿಲ್ಲ. ಕಾರ್ಖಾನೆಯವರು ಅಷ್ಟು ಬಿಸಿ ಮಾಡುತ್ತಾರೆ ಅಂದರೆ ಬಿಸಿಯಿಂದಲೇ ಲಾಭ ಅಂತ ಮಕ್ಕಳು ಅಂದುಕೊಳ್ಳುವುದು ಸಹಜ ಅಲ್ವಾ?

ಈಗ ನೋಟ್ಸ್‌ಗೆ ಮೊದಲು ಬೋರ್ಡ್ ಮೇಲೆ ಸಮೀಕರಣ ಬರೆಯುತ್ತೇನೆ.

N₂ + 3H₂ ⇌ 2NH₃, ΔH = −92 kJ

ಎಡಕ್ಕೆ ನಾಲ್ಕು ಅಣು, ಬಲಕ್ಕೆ ಎರಡು. ಮುಂದಕ್ಕೆ ಹೋದರೆ ಶಾಖ ಹೊರಬರುತ್ತದೆ. ಇಷ್ಟರಲ್ಲೇ ದಿಕ್ಕು ಊಹಿಸಬಹುದು. ಒತ್ತಡ ಹಾಕಿದರೆ ಅಣು ಕಡಿಮೆ ಇರುವ ಕಡೆ ವಾಲುತ್ತದೆ, ಬಿಸಿ ಮಾಡಿದರೆ ಶಾಖ ಹೀರುವ ಕಡೆಗೆ, ಅಂದರೆ ಹಿಂದಕ್ಕೆ. ಮಕ್ಕಳು ಹೇಳಿ ಮುಗಿಸಿದ ಮೇಲೆ ಅಳೆದ ಅಂಕಿ ಬರೆಯುತ್ತೇನೆ. 100 ಅಟ್ಮಾಸ್ಫಿಯರ್‌ನಲ್ಲಿ, ಮುಂದಕ್ಕೂ ಹಿಂದಕ್ಕೂ ಕ್ರಿಯೆ ಒಂದೇ ವೇಗದಲ್ಲಿ ನಡೆದು ಸಮತೋಲನಕ್ಕೆ ಬಂದಾಗ, ಅನಿಲದಲ್ಲಿ ಅಮೋನಿಯದ ಪಾಲು 200 ಡಿಗ್ರಿಯಲ್ಲಿ ಸುಮಾರು 81%, 300ರಲ್ಲಿ 52%, 400ರಲ್ಲಿ 25%, 500ರಲ್ಲಿ ಬರೀ 11%. ತಾಪಮಾನ 400ರಲ್ಲೇ ಇಟ್ಟು ಒತ್ತಡ ಬದಲಿಸಿದರೆ, 10 ಅಟ್ಮಾಸ್ಫಿಯರ್‌ಗೆ 4%, 100ಕ್ಕೆ 25%, 300ಕ್ಕೆ 47%. ಒತ್ತಡ ಮೂರು ಪಟ್ಟಾದಾಗ ಅಮೋನಿಯ ಎರಡು ಪಟ್ಟೂ ಆಗಲಿಲ್ಲ. ಆದರೆ ಕಂಪ್ರೆಸರ್‌ಗೆ ಬೇಕಾದ ಶಕ್ತಿ, ಉಕ್ಕಿನ ದಪ್ಪ ಎರಡೂ ಏರುತ್ತವೆ. ಒತ್ತಡದ ರಾಜಿ ಇಷ್ಟೇ, ಇದು ಮಕ್ಕಳಿಗೆ ಬೇಗ ಹಿಡಿಸುತ್ತದೆ.

ತೊಡಕು ತಾಪಮಾನದ್ದು. ಆಲೂರು ಕಡೆಯ ಒಬ್ಬ ಹುಡುಗಿ, ಮನೆಯಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ, ಎದ್ದು ಕೇಳಿದಳು: "ಮೇಡಂ, 200 ಡಿಗ್ರಿಯಲ್ಲಿ 81% ಸಿಗೋದನ್ನ ಬಿಟ್ಟು 450ಕ್ಕೆ ಯಾಕೆ ಹೋಗಬೇಕು?"

"ಆ 81% ಬರೋಕೆ ಎಷ್ಟು ಹೊತ್ತು ಬೇಕು ಅಂತ ಈ ಅಂಕಿ ಹೇಳುತ್ತಾ ನೋಡಮ್ಮ" ಅಂದೆ. ಹೇಳುವುದಿಲ್ಲ. ಸಾರಜನಕದ ಎರಡು ಪರಮಾಣು ಮೂರು ಬಂಧಗಳಿಂದ ಬಿಗಿಯಾಗಿ ಕೂಡಿಕೊಂಡಿರುತ್ತವೆ. ಕಬ್ಬಿಣದ ಮೇಲೆ ಕೂತಾಗ ಅವು ಬಿಡಿಸಿಕೊಳ್ಳುವುದು ಸುಲಭವಾಗುತ್ತದೆ, ಆದರೆ ಕಬ್ಬಿಣಕ್ಕೂ ಸುಮಾರು 400 ಡಿಗ್ರಿ ಬಿಸಿ ಬೇಕು. 200ರಲ್ಲಿ ಕ್ರಿಯೆ ತೀರಾ ನಿಧಾನ. ಕ್ಯಾಟಲಿಸ್ಟ್ ವೇಗ ಕೊಡುತ್ತದೆಯೇ ಹೊರತು ಸಮತೋಲನದ ಪಾಲನ್ನು ಒಂದಿಷ್ಟೂ ಬದಲಿಸುವುದಿಲ್ಲ. ಅಂದರೆ 450 ಇರುವುದು ಇಳುವರಿಗಾಗಿ ಅಲ್ಲ, ಇಳುವರಿ ಕಡಿಮೆಯಾದರೂ ಸರಿ ಅಂತ ವೇಗಕ್ಕಾಗಿ.

ಅವಳ ಮುಂದಿನ ಪ್ರಶ್ನೆಗೆ ನಾನೂ ಮನೆಗೆ ಹೋಗಿ ಲೆಕ್ಕ ಹಾಕಬೇಕಾಯಿತು. "ಕ್ರಿಯೆಯಿಂದ ಶಾಖ ಬರುತ್ತಲ್ವಾ ಮೇಡಂ? ಅದೆಲ್ಲಿ ಹೋಗುತ್ತೆ?"

ಅನಿಲದಲ್ಲೇ ಉಳಿಯುತ್ತದೆ. ಒಂದು ಮೋಲ್ ಅಮೋನಿಯಕ್ಕೆ 46 ಕಿಲೋಜೂಲ್ ಶಾಖ. ಒಂದು ಮೋಲ್ ಅನಿಲವನ್ನು ಒಂದು ಡಿಗ್ರಿ ಏರಿಸಲು ಸುಮಾರು 31 ಜೂಲ್ ಸಾಕು. ಹಾಗಾದರೆ ಅನಿಲದಲ್ಲಿ 1% ಅಮೋನಿಯ ಆದಾಗ 460 ಜೂಲ್ ಬಂದು, ತಾಪಮಾನ ಸುಮಾರು 15 ಡಿಗ್ರಿ ಏರುತ್ತದೆ. 200 ಅಟ್ಮಾಸ್ಫಿಯರ್‌ನಲ್ಲಿ ಅನಿಲ 400 ಡಿಗ್ರಿಯಲ್ಲಿ ಒಳಗೆ ಬಂತು ಅನ್ನಿ. ಅಲ್ಲಿ ಸಮತೋಲನದ ಮಿತಿ 35%ಗಿಂತ ಮೇಲೆ. ಆದರೆ 10% ಆಗುವಷ್ಟರಲ್ಲಿ ಅನಿಲ 550 ಡಿಗ್ರಿ ಮುಟ್ಟಿರುತ್ತದೆ. ಆ ಬಿಸಿಯಲ್ಲಿ ಮಿತಿ ಸುಮಾರು 12%ಕ್ಕೆ ಇಳಿದಿರುತ್ತದೆ. ಇನ್ನೊಂದು ಚೂರು ಮುಂದೆ ಹೋಗಿ ಕ್ರಿಯೆ ನಿಂತೇಬಿಡುತ್ತದೆ. ಎಷ್ಟು ಕ್ಯಾಟಲಿಸ್ಟ್ ತುಂಬಿದರೂ ಪ್ರಯೋಜನ ಇಲ್ಲ.

ಅದಕ್ಕೇ ಕ್ಯಾಟಲಿಸ್ಟನ್ನು ಒಂದೇ ರಾಶಿಯಾಗಿ ಹಾಕದೆ ಹಾಸು ಹಾಸಾಗಿ ಇಡುತ್ತಾರೆ. ಒಂದು ಹಾಸು ದಾಟಿದ ಅನಿಲವನ್ನು ತಣ್ಣಗೆ ಮಾಡಿ ಮುಂದಿನದಕ್ಕೆ ಬಿಡುತ್ತಾರೆ. ತಣ್ಣಗಾದ ಕೂಡಲೇ ಮಿತಿ ಮತ್ತೆ ಮೇಲೇರುತ್ತದೆ, ಕ್ರಿಯೆ ಇನ್ನಷ್ಟು ಮುಂದೆ ಹೋಗುತ್ತದೆ. ಹಾಸಿನಿಂದ ಹೊರಬರುವ ಅನಿಲದ ತಾಪಮಾನ ಎಷ್ಟು ಏರಿದೆ ಅಂತ ನೋಡಿದರೇ ಎಷ್ಟು ಕ್ರಿಯೆ ಆಯಿತು ಅಂತ ಅಂದಾಜು ಸಿಗುತ್ತದೆ. ಒಳಗೆ ಬಂದ ಅನಿಲ, ಒತ್ತಡ ಎಲ್ಲ ಮೊದಲಿನಂತೆಯೇ ಇದ್ದು ಈ ಏರಿಕೆ ಮಾತ್ರ ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಕ್ಯಾಟಲಿಸ್ಟ್ ಸೊರಗುತ್ತಿದೆ ಅಂತ ಅರ್ಥ.

ಇಷ್ಟೆಲ್ಲ ಮಾಡಿದರೂ ಒಂದು ಸುತ್ತಿಗೆ ಸಿಗುವುದು 15%, 20%ರ ಆಸುಪಾಸು. ಅಮೋನಿಯವನ್ನು ತಣ್ಣಗೆ ಮಾಡಿ ದ್ರವವಾಗಿ ತೆಗೆದು, ಉಳಿದ ಅನಿಲವನ್ನು ಹೊಸ ಅನಿಲದ ಜೊತೆ ವಾಪಸ್ ಒಳಗೆ ಕಳಿಸುತ್ತಾರೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಬಹುಪಾಲು ಅಮೋನಿಯವಾಗುತ್ತದೆ. ಇದನ್ನು ಹೇಳುತ್ತಿದ್ದಾಗ ಅದೇ ಹುಡುಗಿ ಅಂದಳು: "ಬಸ್ ತುಂಬೋ ತನಕ ಸ್ಟ್ಯಾಂಡಲ್ಲೇ ನಿಂತಿರೋ ಬದಲು, ಅರ್ಧ ಖಾಲಿ ಇದ್ದರೂ ಹತ್ತು ಟ್ರಿಪ್ ಹೊಡೆದ ಹಾಗೆ, ಅಲ್ವಾ ಮೇಡಂ?"

ಹೌದು ಅಂದೆ. ಆಮೇಲೆ ಟೆಸ್ಟ್‌ನಲ್ಲಿ ಪ್ರಶ್ನೆ ಬದಲಾಯಿಸಿದೆ: 350 ಡಿಗ್ರಿಯಲ್ಲೇ ಚುರುಕಾಗಿ ಕೆಲಸ ಮಾಡುವ ಕ್ಯಾಟಲಿಸ್ಟ್ ಸಿಕ್ಕರೆ ಒತ್ತಡ ಏರಿಸುತ್ತೀರೋ, ಇಳಿಸುತ್ತೀರೋ, ಯಾಕೆ?