ನಾಲ್ಕು ದಿನದ ಚಾರಣಕ್ಕೆ ಎರಡೂಕಾಲು ಕೆ.ಜಿ. ಊಟ

ಮೊದಲ ಸಲ ಹಿಮಾಚಲಕ್ಕೆ ಚಾರಣಕ್ಕೆ ಹೋದಾಗ ನನ್ನ ಬ್ಯಾಗಿನಲ್ಲಿ ನಾಲ್ಕೂವರೆ ಕೆ.ಜಿ. ತಿಂಡಿ ಇತ್ತು. ವಾಪಸ್ ಮೈಸೂರಿಗೆ ಬಂದು ಬ್ಯಾಗ್ ಖಾಲಿ ಮಾಡಿದರೆ ಒಂದೂಕಾಲು ಕೆ.ಜಿ. ಹಾಗೇ ಉಳಿದಿತ್ತು. ಅಷ್ಟನ್ನೂ ಬೆಟ್ಟ ಹತ್ತಿಸಿ ಇಳಿಸಿದ್ದೆ, ಸುಮ್ನೆ. ಹೋದ ವರ್ಷ ಮನಾಲಿ ಹತ್ತಿರದ ಹಂಪ್ತಾ ಪಾಸ್‌ಗೆ ನಾವು ಮೂವರು ಗೆಳೆಯರು ಹೊರಟಾಗ ತಕ್ಕಡಿ ಹಿಡಿದು ಕೂತೆ. ಪೋರ್ಟರ್ ಇಲ್ಲ, ಅಡುಗೆಯವರಿಲ್ಲ, ಎಲ್ಲ ನಮ್ಮ ಬೆನ್ನ ಮೇಲೇ. ಆ ಲೆಕ್ಕ ಇಲ್ಲಿದೆ.

ಮೊದಲ ಸಲ ತಪ್ಪಿದ್ದು ಎಲ್ಲಿ ಅಂದರೆ, ನೀರು ಹೊತ್ತಿದ್ದೆ. ಚಪಾತಿ, ಬ್ರೆಡ್, ಬಾಳೆಹಣ್ಣು, ಎಲ್ಲದರಲ್ಲೂ ಸಾಕಷ್ಟು ನೀರಿರುತ್ತೆ. 100 ಗ್ರಾಂ ಬಾಳೆಹಣ್ಣಿನಲ್ಲಿ ಸಿಗುವುದು 90 ಕ್ಯಾಲೊರಿ ಹತ್ತಿರ. ಬ್ರೆಡ್‌ನಲ್ಲಿ 250. ಅದೇ ಅವಲಕ್ಕಿ, ರವೆಯಲ್ಲಿ 350. ಕಡಲೇಕಾಯಿ ಬೀಜದಲ್ಲಿ 560, ಕೊಬ್ಬರಿಯಲ್ಲಿ 650ರ ಮೇಲೆ, ತುಪ್ಪದಲ್ಲಿ 900. ಬೆಟ್ಟದಲ್ಲಿ ನೀರು ತೊರೆಯಲ್ಲೇ ಸಿಗುತ್ತೆ, ಮನೆಯಿಂದ ಯಾಕೆ ಹೊರಬೇಕು? ಅದಕ್ಕೇ ಒಂದು ಅಳತೆ ಇಟ್ಟುಕೊಂಡೆ. ಇಡೀ ದಿನದ ಪೊಟ್ಟಣ ತೂಗಿದರೆ 100 ಗ್ರಾಂಗೆ ಸರಾಸರಿ 450 ಕ್ಯಾಲೊರಿ ಬರಬೇಕು.

ಹಾಗಾದರೆ ದಿನಕ್ಕೆ ಎಷ್ಟು ಕ್ಯಾಲೊರಿ? ಬ್ಯಾಗ್ ಹೊತ್ತು ಐದಾರು ಗಂಟೆ ಏರುವವರು 3,000 ದಾಟಿ ಸುಡುತ್ತಾರೆ. ಅಷ್ಟೂ ಹೊರುವ ಅಗತ್ಯ ಇಲ್ಲ. ನಾಲ್ಕು ದಿನದ ಕೊರತೆಯನ್ನು ಮೈಯಲ್ಲಿರುವ ಕೊಬ್ಬು ತುಂಬಿಕೊಡುತ್ತೆ. ಹತ್ತು ದಿನದ ಚಾರಣಕ್ಕೆ ಈ ಮಾತು ನಡೆಯಲ್ಲ. ನಾನು 65 ಕೆ.ಜಿ. ಇದ್ದೀನಿ, ನನಗೆ 2,700 ಸಾಕು ಅಂತ ಇಟ್ಟುಕೊಂಡೆ. ತೂಕಕ್ಕೆ ತಂದರೆ ದಿನಕ್ಕೆ 600 ಗ್ರಾಂ.

ಆ 600 ಗ್ರಾಂ ಹೀಗಿತ್ತು. ಬೆಳಿಗ್ಗೆ ಉಪ್ಪಿಟ್ಟು: 80 ಗ್ರಾಂ ರವೆ, 15 ಗ್ರಾಂ ತುಪ್ಪ, 15 ಗ್ರಾಂ ಗೋಡಂಬಿ. ಒಗ್ಗರಣೆ, ಉಪ್ಪು ಹಾಕಿ ಮನೆಯಲ್ಲೇ ಹುರಿದು ಆರಿಸಿ ಕವರಿಗೆ ಹಾಕಿದ್ದು. ಎರಡು ಹೊತ್ತಿನ ಕಾಫಿಗೆ ಹಾಲಿನ ಪುಡಿ, ಸಕ್ಕರೆ ಸೇರಿ 50 ಗ್ರಾಂ. ನಡೆಯುವಾಗ ತಿನ್ನಲು 210 ಗ್ರಾಂ: 60 ಗ್ರಾಂ ಚಿಕ್ಕಿ, 50 ಗ್ರಾಂ ಕೋಡುಬಳೆ, ಉಳಿದ 100 ಗ್ರಾಂನಲ್ಲಿ ಕಡಲೇಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು, ದ್ರಾಕ್ಷಿ. ಟೆಂಟ್ ಹಾಕಿದ ಮೇಲೆ ಸಂಜೆಗೆ 50 ಗ್ರಾಂ ರಾಗಿ ಹುರಿಹಿಟ್ಟು, 20 ಗ್ರಾಂ ಮಂಡ್ಯದ ಬೆಲ್ಲ. ರಾತ್ರಿಗೆ 155 ಗ್ರಾಂ ಗೊಜ್ಜವಲಕ್ಕಿ. ಎಲ್ಲ ಕೂಡಿದರೆ 595 ಗ್ರಾಂ, 2,670 ಕ್ಯಾಲೊರಿ ಹತ್ತಿರ.

ಅನ್ನ ಯಾಕಿಲ್ಲ ಅಂತ ಕೇಳಬಹುದು. ಎರಡನೇ ರಾತ್ರಿ ತಂಗುವ ಬಾಲು ಕಾ ಘೇರಾ 3,600 ಮೀಟರ್ ಮೇಲಿದೆ. ಅಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತೆ. ಅಕ್ಕಿ ಬೇಯಲು ತುಂಬಾ ಹೊತ್ತು ಹಿಡಿಯುತ್ತೆ, ಬೇಳೆ ಅಂತೂ ಕೇಳಲೇಬೇಡಿ. ಕುಕ್ಕರ್ ಹೊತ್ತರೆ ಅದರ ತೂಕ, ಜೊತೆಗೆ ಗ್ಯಾಸ್ ತೂಕ. ಹಾಗಾಗಿ ಬಿಸಿನೀರು ಸುರಿದರೆ ಸಾಕು ಅನ್ನುವ ತಿಂಡಿಗಳೇ ಲಾಭ. ಮೂವರಿಗೆ 230 ಗ್ರಾಂನ ಎರಡು ಗ್ಯಾಸ್ ಡಬ್ಬಿ ತಗೊಂಡಿದ್ದೆವು, ಎರಡನೆಯದು ಅರ್ಧವೂ ಮುಗಿಯಲಿಲ್ಲ. ಅದನ್ನು ಮನಾಲಿಯಲ್ಲೇ ಕೊಳ್ಳಿ. ರೈಲಿನಲ್ಲೂ ವಿಮಾನದಲ್ಲೂ ಒಯ್ಯುವ ಹಾಗಿಲ್ಲ.

ಗೊಜ್ಜವಲಕ್ಕಿ ಒಂದೇ ಸಲಕ್ಕೆ ಸರಿಯಾಗಲಿಲ್ಲ. ಫ್ಲಾಸ್ಕ್‌ನಲ್ಲಿ ಬಿಸಿನೀರು ತುಂಬಿಕೊಂಡು, ಪೂರ್ತಿ ತೂಕದ ಬ್ಯಾಗ್ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಮೇಲೆ ಕೂತು ಪರೀಕ್ಷೆ ಮಾಡಿದೆವು. ತೆಳು ಅವಲಕ್ಕಿ ನೀರು ಬಿದ್ದ ತಕ್ಷಣ ಅಂಟಿನ ಹಾಗಾಯಿತು. ಮುಂದಿನ ವಾರ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ, ತರಿತರಿಯಾಗಿ ಮಾಡಿಕೊಂಡು ಹೋದೆ. 100 ಗ್ರಾಂ ತರಿಗೆ 20 ಗ್ರಾಂ ಪುಳಿಯೋಗರೆ ಪುಡಿ, 20 ಗ್ರಾಂ ಹುರಿದ ಕಡಲೇಕಾಯಿ ಬೀಜ. ಅವಲಕ್ಕಿ ಮುಳುಗುವಷ್ಟು ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟೆ. ಮುಚ್ಚಳ ತೆಗೆದರೆ ಕಾಳುಕಾಳಾಗಿ ಅರಳಿತ್ತು. ಮೇಲೆ 15 ಗ್ರಾಂ ತುಪ್ಪ. ಮೇಲುಕೋಟೆಯವರು ಒಪ್ಪದೇ ಇರಬಹುದು, ನಮಗೆ ಅದೇ ಹಬ್ಬದೂಟ.

ಪುಡಿಯನ್ನೇ ತಗೊಳ್ಳಿ, ಎಣ್ಣೆ ತೇಲುವ ಗೊಜ್ಜಿನ ಬಾಟಲಿ ಬೇಡ. ಒಬ್ಬ ಗೆಳೆಯನ ಮಲಗುವ ಚೀಲಕ್ಕೆ ಈಗಲೂ ಹುಣಸೆಹುಳಿ ವಾಸನೆ ಇದೆ.

ತುಪ್ಪದ ವಿಷಯದಲ್ಲಿ ದುರಾಸೆ ಬೇಡ. ಕಾಗದದ ಮೇಲೆ ನೋಡಿದರೆ ತುಪ್ಪ ಹೆಚ್ಚಿಸಿದಷ್ಟೂ ಬ್ಯಾಗ್ ಹಗುರ. ನಮ್ಮಲ್ಲೊಬ್ಬ ದಿನಕ್ಕೆ 60 ಗ್ರಾಂ ಲೆಕ್ಕ ಹಾಕಿಕೊಂಡು ಬಂದಿದ್ದ. ಬಾಲು ಕಾ ಘೇರಾದಲ್ಲಿ ರಾತ್ರಿ ಎರಡು ತುತ್ತು ತಿಂದು ಹೊಟ್ಟೆ ತೊಳಸುತ್ತೆ ಅಂತ ತಟ್ಟೆ ಪಕ್ಕಕ್ಕಿಟ್ಟ. ಎತ್ತರಕ್ಕೆ ಹೋದಂತೆ ಹಸಿವು ಕಡಿಮೆ, ಜಿಡ್ಡು ಅಂದರೆ ವಾಕರಿಕೆ. ತಿನ್ನಲಾಗದ ಕ್ಯಾಲೊರಿ ಬರೀ ತೂಕವೇ ಅಲ್ವಾ? 30 ಗ್ರಾಂ ನನ್ನ ಮಿತಿ. ತುಪ್ಪಕ್ಕೆ ಅಗಲ ಬಾಯಿಯ ಡಬ್ಬಿಯೇ ಆಗಬೇಕು. ಚಳಿಗೆ ಕಲ್ಲಾಗುತ್ತೆ, ಬಾಟಲಿಯಿಂದ ಸುರಿಯಲಾಗಲ್ಲ. ಚಿಕ್ಕಿಯೂ ಅಷ್ಟೇ, ಹಲ್ಲು ಜೋಪಾನ. ಮನೆಯಲ್ಲೇ ಪುಡಿ ಮಾಡಿಕೊಳ್ಳಿ.

ಕೊರತೆ ಇಟ್ಟರೂ ನಡೆಯುವಾಗಿನ 210 ಗ್ರಾಂನಲ್ಲಿ ಮಾತ್ರ ಕೈ ಹಾಕಬೇಡಿ. ಗಂಟೆಗೊಮ್ಮೆ ಒಂದು ಹಿಡಿ. ಮಧ್ಯಾಹ್ನ ಮೂರರ ಹೊತ್ತಿಗೆ ಕಾಲು ಎಡವುತ್ತಿದ್ದರೆ, ಸಣ್ಣ ಮಾತಿಗೂ ಸಿಟ್ಟು ಬರುತ್ತಿದ್ದರೆ ಹೊಟ್ಟೆ ಖಾಲಿ ಇರಬಹುದು, ತಿಂದು ನೋಡಿ. ತಿಂದು ಅರ್ಧ ಗಂಟೆ ಕೂತರೂ ತಲೆನೋವು, ವಾಕರಿಕೆ ಇದ್ದರೆ ಎತ್ತರದ ಕಾಯಿಲೆ ಅಂತಲೇ ತಿಳಿದು ಮೇಲೆ ಹೋಗುವುದನ್ನು ನಿಲ್ಲಿಸಿ. ಮೂರನೇ ದಿನ 4,270 ಮೀಟರ್‌ನ ಪಾಸ್ ದಾಟುವಾಗ ನಾನು ಕೋಡುಬಳೆ ಬದಲು ಅಷ್ಟೇ ತೂಕದ ಮೈಸೂರ್ ಪಾಕ್ ಇಟ್ಟುಕೊಂಡಿದ್ದೆ. ಆ ಎತ್ತರದಲ್ಲಿ ಜಿಡ್ಡು ಸೇರಲ್ಲ ಅಂತ ಮೇಲೆ ಬರೆದದ್ದು ನಾನೇ, ಆದರೂ ಸಿಹಿ ಜೊತೆ ಅದು ಇಳಿಯಿತು. 75 ಕೆ.ಜಿ. ಮೇಲಿರುವವರು ನಡೆಯುವಾಗಿನ ಈ ತಿಂಡಿಗೇ ಇನ್ನೂ 80 ಗ್ರಾಂ ಸೇರಿಸಿ, ರಾತ್ರಿ ಊಟಕ್ಕಲ್ಲ.

ಕೊನೆಗೆ ಕೂಡಿಸಿ ಕಳೆಯುವ ಲೆಕ್ಕ. ನಾಲ್ಕು ದಿನಕ್ಕೆ 2,380 ಗ್ರಾಂ. ಮೊದಲ ದಿನದ ಉಪ್ಪಿಟ್ಟು ಬೇಡ, ಮನಾಲಿಯಲ್ಲೇ ತಿಂಡಿ ತಿಂದು ಹೊರಟೆವು. ನಾಲ್ಕನೇ ದಿನ ಛತ್ರು ತಲುಪಿ ಮನಾಲಿಗೆ ವಾಪಸ್, ಆ ರಾತ್ರಿಯ ಊಟವೂ ಬೇಡ. ಅಲ್ಲಿಗೆ 265 ಗ್ರಾಂ ಇಳಿಯಿತು. ಮಳೆಗೆ ತೊರೆ ಏರಿ ಅರ್ಧ ದಿನ ಸಿಕ್ಕಿಹಾಕಿಕೊಂಡರೆ ಅಂತ 150 ಗ್ರಾಂ ಹುರಿಹಿಟ್ಟು ಬೆಲ್ಲ ಬೇರೆ ಕಟ್ಟಿದೆ. ಅದಕ್ಕೆ ಒಲೆಯೂ ಬೇಡ, ತಣ್ಣೀರಲ್ಲಿ ಕಲೆಸಿದರೆ ಆಯಿತು. ಒಟ್ಟು 2,265 ಗ್ರಾಂ. ದಿನಕ್ಕೊಂದು ಕವರ್, ಮೇಲೆ ಮಾರ್ಕರ್‌ನಲ್ಲಿ ದಿನದ ನಂಬರ್. ಇಲ್ಲದಿದ್ದರೆ ಎರಡನೇ ದಿನಕ್ಕೇ ಚಿಕ್ಕಿ ಎಲ್ಲ ಮುಗಿದಿರುತ್ತೆ.

ಹೊರಡುವ ಹಿಂದಿನ ರಾತ್ರಿ ನಾಲ್ಕು ಕವರ್ ಊಟದ ಮೇಜಿನ ಮೇಲಿತ್ತು. ಅಮ್ಮ ನೋಡಿ, "ಇಷ್ಟೇನೇನೋ? ಉಪವಾಸ ಹೊರಟಿದ್ದೀಯಾ?" ಅಂದರು. ತಿರುಗಿ ಬಂದಾಗ ಉಳಿದಿದ್ದು ಆ ಹುರಿಹಿಟ್ಟು ಮತ್ತು ಒಂದು ಹಿಡಿ ದ್ರಾಕ್ಷಿ. ನನ್ನ ತೂಕ ಒಂದು ಕೆ.ಜಿ. ಇಳಿದಿತ್ತು. ಅದನ್ನು ಅಮ್ಮನಿಗೆ ಹೇಳಲಿಲ್ಲ.